ತಕ್ಷಣದಿಂದ ಜಾರಿಗೆ ಬರುವಂತೆ, ಎರಡು ವಾರಗಳ ನೋಟಿಸ್‌ನೊಂದಿಗೆ

ಕಳೆದ ಮೇ ತಿಂಗಳ ಒಂದು ಭಾನುವಾರ ನನ್ನ ಹಳೆಯ ಸಹೋದ್ಯೋಗಿಯ ಮಗಳು ಮನೆಗೆ ಬಂದು ಫೋನ್ ನನ್ನ ಮುಂದೆ ಹಿಡಿದಳು. ರಾಯಚೂರು ಜಿಲ್ಲೆಯ ಒಂದು ಶಾಖೆಯಲ್ಲಿ ಅವಳು ಕ್ಲಾರ್ಕು. ಸರ್ಕಾರಿ ಬ್ಯಾಂಕು, 2014ರ ಸೆಪ್ಟೆಂಬರಿನಲ್ಲಿ ಸೇರಿದ್ದು. ಕೆಲಸ ಬಿಡುವುದೆಂದು ತೀರ್ಮಾನಿಸಿ, ಎಐ ಆ್ಯಪ್‌ನಲ್ಲಿ ರಾಜೀನಾಮೆ ಪತ್ರ ಬರೆಸಿಕೊಂಡಿದ್ದಳು. 'ಒಂದ್ಸಲ ಕಣ್ಣಾಡಿಸಿ ಮಾವ' ಅಂದಳು. ನಾನು ಬ್ಯಾಂಕಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು.

ಪತ್ರ ಹೀಗೆ ಶುರುವಾಗಿತ್ತು: 'ಗೌರವಾನ್ವಿತ ಮಾನವ ಸಂಪನ್ಮೂಲ ವ್ಯವಸ್ಥಾಪಕರೇ, ಬ್ಯಾಂಕ್ ಗುಮಾಸ್ತ ಸ್ಥಾನದಿಂದ ನನ್ನ ಔಪಚಾರಿಕ ರಾಜೀನಾಮೆಯನ್ನು ತಕ್ಷಣದಿಂದ ಜಾರಿಗೆ ಬರುವಂತೆ ಸಲ್ಲಿಸಲು ಈ ಪತ್ರವನ್ನು ಬರೆಯುತ್ತಿದ್ದೇನೆ.' ಕೆಳಗೆ ವೈಯಕ್ತಿಕ ಕಾರಣಗಳು, ಹೊಸ ಅವಕಾಶಗಳ ಅನ್ವೇಷಣೆ, ಅಮೂಲ್ಯ ಅನುಭವ. ಕೊನೆಗೆ 'ಎರಡು ವಾರಗಳ ನೋಟಿಸ್ ಅವಧಿಯಲ್ಲಿ ಸುಗಮ ಹಸ್ತಾಂತರಕ್ಕೆ ಬದ್ಧಳಾಗಿದ್ದೇನೆ'.

ತಕ್ಷಣ ಅಂತಲೂ ಇದೆ, ಎರಡು ವಾರ ಅಂತಲೂ ಇದೆ. ಎರಡು ವಾರ ಅನ್ನುವುದು ಅಮೆರಿಕದ ಕಚೇರಿಗಳ ವಾಡಿಕೆ. ನಮ್ಮ ಬ್ಯಾಂಕುಗಳಲ್ಲಿ ಕಾಯಂ ಆದ ಕ್ಲಾರ್ಕು ಒಂದು ತಿಂಗಳ ಲಿಖಿತ ನೋಟಿಸ್ ಕೊಡಬೇಕು, ಅಧಿಕಾರಿಗಾದರೆ ಮೂರು ತಿಂಗಳು. ಪತ್ರ ಹೋಗಬೇಕಾದದ್ದೂ ಯಾವುದೋ ಮಾನವ ಸಂಪನ್ಮೂಲದವರಿಗಲ್ಲ, ಶಾಖಾ ವ್ಯವಸ್ಥಾಪಕರ ಮೂಲಕ ಪ್ರಾದೇಶಿಕ ಕಚೇರಿಗೆ. ಇನ್ನು 'ಗುಮಾಸ್ತ' ಎಂಬ ಹುದ್ದೆಯೇ ಈಗ ಕಾಗದದ ಮೇಲಿಲ್ಲ. 2024ರ ವೇತನ ಒಪ್ಪಂದದ ನಂತರ ಅದು ಕಸ್ಟಮರ್ ಸರ್ವಿಸ್ ಅಸೋಸಿಯೇಟ್.

ಇವೆಲ್ಲ ಐದು ನಿಮಿಷದಲ್ಲಿ ತಿದ್ದುವಂಥವು. ಪತ್ರದಲ್ಲಿ ಅವಳೇ ಇರಲಿಲ್ಲವಲ್ಲ, ಕಷ್ಟ ಅಲ್ಲಿತ್ತು. ಆ ಕಾಗದದ ಕೆಳಗೆ ಯಾವ ಊರಿನ, ಯಾವ ಕಂಪನಿಯ, ಯಾರ ಹೆಸರು ಹಾಕಿದರೂ ಹೊಂದುತ್ತಿತ್ತು. ಹಾಗಾಗಿ ಫೋನ್ ಮಗುಚಿಟ್ಟು ಕೇಳಿದೆ, 'ಬಿಡಬೇಕು ಅಂತ ಯಾವತ್ತು ಅನ್ನಿಸ್ತು?'

'ಫೆಬ್ರವರಿಲಿ. ಅಪ್ಪಂಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಹಳ್ಳಿಯಿಂದ ತೀರ್ಥಹಳ್ಳಿಗೆ ಕರ್ಕೊಂಡ್ ಹೋಗೋಕೆ ಅಮ್ಮ ಒಬ್ಬಳೇ. ಅವತ್ತು ಆಟೋದವನು ಬರಲಿಲ್ಲ. ನಾನು ಕೌಂಟರಲ್ಲಿದ್ದೆ, ಮುಂದೆ ಕ್ಯೂ. ಅಮ್ಮ ಹನ್ನೊಂದು ಸಲ ಫೋನ್ ಮಾಡಿದ್ಲು. ಊರು ಅಂದ್ರೆ ಒಂದು ರಾತ್ರಿ ಬಸ್ಸಿನ ದೂರ, ನಾನೇನ್ ಮಾಡ್ಲಿ?'

ಕಾರಣ ಇದು. ಇದನ್ನು 'ವೈಯಕ್ತಿಕ ಕಾರಣಗಳು' ಎಂದು ಮುಚ್ಚಿಟ್ಟರೆ ಪ್ರಾದೇಶಿಕ ಕಚೇರಿಯಲ್ಲಿ ಓದುವವರು ಬೇರೆ ಬ್ಯಾಂಕಿಗೆ ಹೊರಟಳು ಅಂದುಕೊಳ್ಳುತ್ತಾರೆ. ಹಾಗಂತ ಎಲ್ಲವನ್ನೂ ಬರೆಯುವುದೂ ಸಲ್ಲ. ಈ ಪತ್ರ ಸೇವಾ ಕಡತದಲ್ಲಿ ಕೂರುತ್ತದೆ, ನಾಲ್ಕಾರು ಮೇಜು ದಾಟುತ್ತದೆ. ಅಪ್ಪನ ರಕ್ತ ಪರೀಕ್ಷೆಯ ಅಂಕಿಗಳು, ಹನ್ನೊಂದು ಮಿಸ್ಡ್ ಕಾಲು ಅಲ್ಲಿಗೆ ಬೇಡ. ವಾರಕ್ಕೆ ಮೂರು ದಿನ, ಯಾವ ತಾಲ್ಲೂಕು, ಮನೆಯಲ್ಲಿ ಬೇರೆ ಯಾರೂ ಇಲ್ಲ, ಇಷ್ಟು ಸಾಕು.

ವರ್ಗಾವಣೆಯ ವಿಷಯಕ್ಕೆ ಬಂದಾಗ ಅವಳ ಧ್ವನಿ ಬಿಸಿಯಾಯಿತು. 'ಎರಡು ಸಲ ಕೇಳಿದೆ, ಕೊಡಲೇ ಇಲ್ಲ. ಅದನ್ನ ಬರೀಲೇಬೇಕು.' ಬರೆಯೋಣ, ಆದರೆ ಜಗಳದ ಹಾಗಲ್ಲ ಅಂದೆ. ಅರ್ಜಿ ಹಾಕಿದ ವರ್ಷ, ಈವರೆಗೆ ಆಗಿಲ್ಲ ಎಂಬ ಸಂಗತಿ, ಎರಡೇ ಇದ್ದರೆ ಓದುವವನಿಗೆ ಅರ್ಥವಾಗುತ್ತದೆ.

ಕೃತಜ್ಞತೆಯ ಸಾಲಿಗೆ ಇನ್ನಷ್ಟು ಹೊತ್ತು ಹಿಡಿಯಿತು. ಯಂತ್ರ 'ಅಮೂಲ್ಯ ಅನುಭವ' ಎಂದಿತ್ತು. ಯಾವ ಅನುಭವ ಅಂದರೆ ಅವಳಿಗೆ ನೆನಪಾದದ್ದು ಸೇರಿದ ಎರಡನೇ ತಿಂಗಳು. ಸಂಜೆ ಕ್ಯಾಷ್ ಟ್ಯಾಲಿ ಮಾಡಿದರೆ 900 ರೂಪಾಯಿ ಶಾರ್ಟ್. ಕೈಯಿಂದ ಕಟ್ಟುವುದೇ ಸರಿ ಎಂದು ಪರ್ಸ್ ತೆಗೆದಾಗ ಹೆಡ್ ಕ್ಯಾಷಿಯರ್ ತಡೆದರಂತೆ. 'ವ್ಯತ್ಯಾಸ ಒಂಬತ್ತರಿಂದ ಭಾಗ ಹೋಗ್ತದಾ ನೋಡಮ್ಮ. ಹೋದ್ರೆ ಅಂಕಿ ಹಿಂದುಮುಂದಾಗಿರ್ತದೆ.' ವೌಚರ್‌ಗಳನ್ನು ಒಂದೊಂದಾಗಿ ಮಗುಚಿದರೆ 5,400 ಕೊಟ್ಟಲ್ಲಿ ಕಂಪ್ಯೂಟರಿಗೆ 4,500 ಎಂದು ಹೊಡೆದಿದ್ದಳು.

ಇಡೀ ಮಾತುಕತೆಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ. ಆದರೂ ರಾಜೀನಾಮೆಯಲ್ಲಿ ಬೇಡವೆಂದೆ. ಕ್ಯಾಷ್ ಶಾರ್ಟ್ ಎಂಬ ಪದವನ್ನು ತಾನಾಗಿ ಸೇವಾ ಕಡತಕ್ಕೆ ಯಾಕೆ ಸೇರಿಸಬೇಕು? ಪತ್ರದಲ್ಲಿ ಅವರ ನೆರವಿಗೆ ಒಂದು ಸಾಲು. ಕಥೆಯನ್ನು ಅವರಿಗೇ ಕೈಬರಹದಲ್ಲಿ ಬೇರೆ ಬರೆ ಎಂದೆ.

ಇನ್ನು ದಿನಾಂಕ. 'ತಕ್ಷಣದಿಂದ' ತೆಗೆದು ಜೂನ್ 30 ಎಂದು ಹಾಕಿಸಿದ್ದಕ್ಕೆ ನೋಟಿಸ್ ಅವಧಿಯೊಂದೇ ಕಾರಣವಲ್ಲ. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪಿ.ಕೆ. ಮಿತ್ತಲ್ ಎಂಬ ಅಧಿಕಾರಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲಿ ಹೇಳಿದ್ದಿದೆ: ಮುಂದಿನ ದಿನಾಂಕ ಹಾಕಿ ಕೊಟ್ಟ ರಾಜೀನಾಮೆಯನ್ನು ಬ್ಯಾಂಕು ಅವಸರದಿಂದ ಮೊದಲೇ ಒಪ್ಪಿಕೊಂಡಿದ್ದರೂ, ನೋಟಿಸ್ ಅವಧಿ ಮುಗಿಯುವ ಮೊದಲು ನೌಕರ ಅದನ್ನು ಹಿಂದಕ್ಕೆ ಪಡೆಯಬಹುದಾಗಿತ್ತು. ಅಷ್ಟರಲ್ಲಿ ಶಿವಮೊಗ್ಗ ಕಡೆಗೆ ವರ್ಗಾವಣೆಯೇ ಬಂದುಬಿಟ್ಟರೆ?

ಹಳಬರು ಇದೇ ಪತ್ರವನ್ನು ನಕಲು ಮಾಡಬಾರದು. ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿದ್ದು 20 ವರ್ಷ ಸೇವೆ ಮುಗಿಸಿದವರು ಕೇಳಬೇಕಾದದ್ದು ಸ್ವಯಂ ನಿವೃತ್ತಿ. ಅವರು 'ರಾಜೀನಾಮೆ' ಎಂದು ಬರೆದರೆ 1995ರ ಪಿಂಚಣಿ ನಿಯಮಗಳ ಪ್ರಕಾರ ಹಿಂದಿನ ಸೇವೆಯೆಲ್ಲ ಲೆಕ್ಕದಿಂದ ಹೋಗುತ್ತದೆ, ಪಿಂಚಣಿಯೂ ಹೋಗುತ್ತದೆ. ಇವಳು 2010ರ ನಂತರ ಸೇರಿದವಳು, ಎನ್‌ಪಿಎಸ್, ಹಾಗಾಗಿ ಆ ಭಯವಿಲ್ಲ. ಐದು ವರ್ಷ ದಾಟಿರುವುದರಿಂದ ಗ್ರಾಚ್ಯುಟಿ ಉಂಟು, ಅದಕ್ಕೇ ಸೇರಿದ ತಿಂಗಳು ಪತ್ರದಲ್ಲಿರಲಿ ಅಂದೆ.

ಎರಡು ಲೋಟ ಕಾಫಿ ಮುಗಿಯುವಷ್ಟರಲ್ಲಿ ಪತ್ರದ ಒಡಲು ಹೀಗಾಯಿತು:

'ಸೆಪ್ಟೆಂಬರ್ 2014ರಿಂದ ಈ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ತಂದೆಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗಬೇಕಿದೆ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ತಾಯಿಯ ಹೊರತು ಯಾರೂ ಇಲ್ಲ. 2023 ಮತ್ತು 2024ರಲ್ಲಿ ಶಿವಮೊಗ್ಗ ಜಿಲ್ಲೆಗೆ ವರ್ಗಾವಣೆ ಕೋರಿದ್ದೆ, ಈವರೆಗೆ ಆಗಿಲ್ಲ. ಇದ್ದಷ್ಟು ರಜೆಯಲ್ಲಿ ನಾಲ್ಕು ತಿಂಗಳು ಹೊಂದಿಸಿಕೊಂಡೆ. ಇನ್ನು ಸಾಧ್ಯವಾಗದ್ದರಿಂದ ಅನಿವಾರ್ಯವಾಗಿ ರಾಜೀನಾಮೆ ನೀಡುತ್ತಿದ್ದೇನೆ. 30-6-2025ರ ಕಚೇರಿ ವೇಳೆಯ ನಂತರ ನನ್ನನ್ನು ಬಿಡುಗಡೆ ಮಾಡಬೇಕೆಂದು ಕೋರುತ್ತೇನೆ. ಸಿಬ್ಬಂದಿ ವಾಹನ ಸಾಲದ ಬಾಕಿಯನ್ನು ಅದಕ್ಕೆ ಮೊದಲೇ ತೀರಿಸುತ್ತೇನೆ. ಕ್ಯಾಷ್ ಕೌಂಟರಿನ ಕೆಲಸವನ್ನು ತಾಳ್ಮೆಯಿಂದ ಕಲಿಸಿದ ನಮ್ಮ ಹೆಡ್ ಕ್ಯಾಷಿಯರ್ ಅವರಿಗೆ ನಾನು ಋಣಿ.'

ಗಟ್ಟಿಯಾಗಿ ಓದು ಅಂದೆ. ಬಾಯಲ್ಲಿ ಎಡವುವ ಸಾಲು ಅವಳದ್ದಲ್ಲ, ನನ್ನದೋ ಯಂತ್ರದ್ದೋ ಆಗಿರುತ್ತದೆ. ಸಲೀಸಾಗಿ ಓದುತ್ತಾ ಹೋದವಳು 'ಅನಿವಾರ್ಯವಾಗಿ' ಎಂಬಲ್ಲಿ ನಿಂತಳು. ಅದು ನಾನು ಸೇರಿಸಿದ್ದ ಪದ. ನನ್ನ ಜೇಬಿನ ಪೆನ್ನು ಎಳೆದುಕೊಂಡು ಅದರ ಮೇಲೆ ಅಡ್ಡ ಗೀಟು ಹಾಕಿದಳು.

'ಯಾರೂ ನನ್ನ ದೂಡಿಲ್ಲ ಮಾವ. ನಾನೇ ಹೊರಟಿದ್ದು.'