ಫೋಟೋದಲ್ಲಿರೋ ಚಾರಿಜಾರ್ಡ್ ಅಸಲಿನಾ?

ನಮ್ಮ ಗ್ಯಾಂಗ್‌ನಲ್ಲಿ ಒಬ್ಬನ ಊರು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ, ಅದೇ ಡ್ಯಾಮ್ ಇರೋ ಊರು. ಅವನ ಚಿಕ್ಕಪ್ಪನ ಮಗ ಎಂಟನೇ ಕ್ಲಾಸು, ಪೋಕೆಮಾನ್ ಕಾರ್ಡ್ ಹುಚ್ಚ. ಹೋದ ತಿಂಗಳು ಅವನಿಗೆ ಆನ್‌ಲೈನ್‌ನಲ್ಲಿ ಯಾರೋ 4,000 ರೂಪಾಯಿಗೆ ಒಂದು ಕಾರ್ಡ್ ಕೊಡ್ತೀನಿ ಅಂದ್ರು. 2023ರಲ್ಲಿ ಬಂದ ‘151’ ಸೆಟ್‌ನ ಚಾರಿಜಾರ್ಡ್, ನಂಬರ್ 199/165. ಹಬ್ಬದ ದುಡ್ಡೆಲ್ಲ ಕೂಡಿಟ್ಟಿದ್ದ ಹುಡುಗ ವಾಟ್ಸಾಪ್‌ನಲ್ಲಿ ಮೂರು ಫೋಟೋ ಕಳಿಸಿ, “ಅಣ್ಣಾ, ಒರಿಜಿನಲ್ಲಾ ನೋಡಿ ಹೇಳು” ಅಂದ.

ನಾವು ಮೊದಲು ಮಾಡಿದ್ದೇ ತಪ್ಪು. ಫೋಟೋ ಝೂಮ್ ಮಾಡಿ, “ರೋಸೆಟ್ ಇಲ್ಲ, ಡೂಪ್ಲಿಕೇಟ್” ಅಂದುಬಿಟ್ಟೆವು.

ರೋಸೆಟ್ ಅಂದ್ರೆ ಏನು? ಆಫ್‌ಸೆಟ್ ಪ್ರಿಂಟಿಂಗ್‌ನಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಈ ನಾಲ್ಕೂ ಬಣ್ಣಗಳನ್ನು ಸಣ್ಣ ಚುಕ್ಕಿಗಳಾಗಿ, ಒಂದೊಂದನ್ನೂ ಬೇರೆ ಬೇರೆ ಕೋನದಲ್ಲಿ ಅಚ್ಚು ಹಾಕ್ತಾರೆ. ಆ ಚುಕ್ಕಿಗಳು ಸೇರಿ ಪುಟ್ಟ ಹೂವಿನಂಥ ವಿನ್ಯಾಸ ಆಗುತ್ತೆ. ಆದರೆ ಒಂದು ಚುಕ್ಕಿಯಿಂದ ಪಕ್ಕದ ಚುಕ್ಕಿಗೆ ಇರೋದು ಸುಮಾರು 0.15 ಮಿ.ಮೀ. ಅಷ್ಟೇ. ಕಾರ್ಡ್ ಉದ್ದ 88 ಮಿ.ಮೀ. ವಾಟ್ಸಾಪ್ ಕುಗ್ಗಿಸಿದ ಆ ಫೋಟೋದಲ್ಲಿ ಕಾರ್ಡಿನ ಉದ್ದಕ್ಕೆ ಸಿಕ್ಕಿದ್ದು ಸುಮಾರು 1000 ಪಿಕ್ಸೆಲ್. ಅಂದ್ರೆ ಒಂದು ಪಿಕ್ಸೆಲ್‌ಗೆ 0.088 ಮಿ.ಮೀ., ಚುಕ್ಕಿಗೆ ಎರಡು ಪಿಕ್ಸೆಲ್ಲೂ ಇಲ್ಲ. ಸಿಗ್ನಲ್ಸ್ ಕ್ಲಾಸಲ್ಲಿ ನೈಕ್ವಿಸ್ಟ್ ಬರೆದುಕೊಂಡಿದ್ದು ಇಲ್ಲಿ ನೆನಪಾಗಬೇಕಿತ್ತು. ಆ ಫೋಟೋದಲ್ಲಿ ಅಸಲಿ ಕಾರ್ಡಿನ ರೋಸೆಟ್ ಕೂಡ ಕಾಣಲ್ಲ. ಕಂಡರೂ ಅದು ಮೊಯಿರೆ, ಅಂದ್ರೆ ಚುಕ್ಕಿಗೂ ಪಿಕ್ಸೆಲ್‌ಗೂ ತಾಳ ತಪ್ಪಿ ಹುಟ್ಟೋ ಸುಳ್ಳು ಪಟ್ಟೆ.

ಹಾಗಾಗಿ ಹುಡುಗನ ಕೈಲಿ ಮಾರೋರನ್ನ ಬೇರೆ ಫೋಟೋ ಕೇಳಿಸಿದೆವು. ಇಡೀ ಕಾರ್ಡ್ ಬೇಡ, ಅಕ್ಷರ ಇರೋ ಒಂದು ಮೂಲೆ ಸಾಕು. ಎರಡು ಸೆಂಟಿಮೀಟರ್ ಜಾಗ ಫೋಟೋದ ಪೂರ್ತಿ ಅಗಲ ತುಂಬಬೇಕು, ಮತ್ತೆ ‘ಡಾಕ್ಯುಮೆಂಟ್’ ಅಂತ ಕಳಿಸಬೇಕು, ಆಗ ವಾಟ್ಸಾಪ್ ಕುಗ್ಗಿಸಲ್ಲ. 3000 ಪಿಕ್ಸೆಲ್ ಅಗಲ ಅಂದ್ರೆ ಚುಕ್ಕಿಗೆ ಇಪ್ಪತ್ತಕ್ಕಿಂತ ಜಾಸ್ತಿ ಪಿಕ್ಸೆಲ್, ಆರಾಮಾಗಿ ಕಾಣುತ್ತೆ.

ಬಂದ ಫೋಟೋದಲ್ಲಿ ರೋಸೆಟ್ ಇತ್ತು! ಆದರೆ ಖುಷಿಪಡೋ ಹಾಗಿರಲಿಲ್ಲ. ಆಫ್‌ಸೆಟ್‌ನಲ್ಲಿ ಅಚ್ಚಾದ ಯಾವುದರಲ್ಲೂ ರೋಸೆಟ್ ಇರುತ್ತೆ. ಮನೆಗೆ ಬಂದ ಕಲರ್ ಲಗ್ನಪತ್ರಿಕೆ ಲೆನ್ಸ್ ಇಟ್ಟು ನೋಡಿ, ಅಲ್ಲೂ ಇದೆ. ನೋಡಬೇಕಾದ್ದು ಕಪ್ಪು ಅಕ್ಷರ. ಅಸಲಿ ಕಾರ್ಡಲ್ಲಿ ಅದು ಬರೀ ಕಪ್ಪು ಇಂಕಿನ ಗಟ್ಟಿ ಗೆರೆ, ಅಂಚು ಚೂಪು. ಕಾರ್ಡನ್ನೇ ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ರೆ ಅಕ್ಷರವೂ ಚಿತ್ರದ ಭಾಗ ಆಗಿಬಿಡುತ್ತೆ, ನಾಲ್ಕು ಬಣ್ಣದ ಚುಕ್ಕಿಗಳಾಗಿ ಒಡೆಯುತ್ತೆ. ನಮಗೆ ಬಂದ ಫೋಟೋದಲ್ಲಿ ಅಕ್ಷರದ ಸುತ್ತ ಗುಲಾಬಿ, ನೀಲಿ ಚುಕ್ಕಿ ಇರುವೆ ಮುತ್ತಿದ ಹಾಗಿದ್ದವು.

ಅನುಮಾನ ಗಟ್ಟಿಯಾಯ್ತು. ಇನ್ನು ಫಾಯಿಲ್. ಹೊಳೆಯೋ ಪದರ ಇಂಕಿನ ಕೆಳಗಿರುತ್ತೆ, ಮೇಲಲ್ಲ. ಈ ಕಾರ್ಡಲ್ಲಂತೂ ಅದರ ಜೊತೆಗೆ ಬೆರಳಚ್ಚಿನಂಥ ಸಣ್ಣ ಉಬ್ಬುಗೆರೆಗಳಿವೆ. ಚಿತ್ರ ತಿರುಗಿದ ಹಾಗೆ ಅವೂ ತಿರುಗುತ್ತವೆ. ನೇರ ಫ್ಲಾಶ್ ಹೊಡೆದ್ರೆ ಕಾಣಲ್ಲ. ಕಿಟಕಿ ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು, ಕಾರ್ಡನ್ನ ನಿಧಾನಕ್ಕೆ ವಾಲಿಸ್ತಾ ಹತ್ತು ಸೆಕೆಂಡ್ ವಿಡಿಯೋ ಮಾಡಬೇಕು. ನಕಲಿಯಲ್ಲಿ ಸಾಮಾನ್ಯವಾಗಿ ನುಣುಪು ಮೈ, ಚಿತ್ರಕ್ಕೆ ಸಂಬಂಧವೇ ಇಲ್ಲದೆ ಇಡೀ ಕಾರ್ಡಿನ ಮೇಲೆ ಹರಿಯೋ ಕಾಮನಬಿಲ್ಲು. ವಿಡಿಯೋ ಕೇಳಿದ ಮೇಲೆ ಮಾರೋರ ಉತ್ತರ ಬರಲಿಲ್ಲ. ಹುಡುಗನಿಗೆ ಬೇಡ ಅಂದೆವು, ದುಡ್ಡು ಉಳೀತು.

ಅಂಚಿನ ಕಥೆ ಮಾತ್ರ ಬೇರೆ. ಅಸಲಿ ಕಾರ್ಡ್ ಎರಡು ಕಾಗದದ ನಡುವೆ ಒಂದು ಕಡುಬಣ್ಣದ ಪದರ ಇಟ್ಟು ಅಂಟಿಸಿದ್ದು, ಬೆಳಕು ಆಚೆಗೆ ಹಾಯದಿರಲಿ ಅಂತ. ಪಕ್ಕದಿಂದ ಹತ್ತಿರದ ಫೋಟೋ ತೆಗೆದ್ರೆ ಬಿಳಿ ಅಂಚಿನ ಮಧ್ಯ ತೆಳು ಕಪ್ಪು ಗೆರೆ ಕಾಣಬೇಕು. ಇದೊಂದನ್ನೇ ನಂಬೋ ಹಾಗಿಲ್ಲ, ಅಂಚು ಸವೆದಿದ್ರೆ, ಕೊಳೆಯಾಗಿದ್ರೆ ಗೆರೆ ಮಸುಕು. ಅದಕ್ಕೇ ಅಸಲಿ ಅಂತ ಗೊತ್ತಿರೋ ಇನ್ನೊಂದು ಕಾರ್ಡನ್ನ ಜೊತೆಗಿಟ್ಟು, ಒಂದೇ ಬೆಳಕಲ್ಲಿ, ಒಂದೇ ಫ್ರೇಮಲ್ಲಿ ತೆಗೀಬೇಕು. ಎರಡು ಬೇರೆ ಫೋಟೋ ಹೋಲಿಸಿದ್ರೆ ಫೋನಿನ ಆಟೋ ಎಕ್ಸ್‌ಪೋಶರ್ ದಾರಿ ತಪ್ಪಿಸುತ್ತೆ.

ಇದನ್ನ ಕಲಿಸೋಣ ಅಂತ ಹುಡುಗನಿಗೆ, “ನಿನ್ನ ಹತ್ರ ಇರೋ ಕಾರ್ಡುಗಳ ಅಂಚು ತೆಗೆದು ಕಳಿಸೋ” ಅಂದೆವು. ಜಾತ್ರೇಲಿ, ಫ್ಯಾನ್ಸಿ ಸ್ಟೋರಲ್ಲಿ ತಗೊಂಡ ಹನ್ನೊಂದು ಕಾರ್ಡ್ ಜೋಡಿಸಿ ಕಳಿಸಿದ. ಪಕ್ಕಕ್ಕೆ, ಹಾಸ್ಟೆಲ್ ಗೆಳೆಯ ಸೀಲ್ ಪ್ಯಾಕ್ ಒಡೆದಾಗ ಸಿಕ್ಕ ಒಂದು ಕಾರ್ಡನ್ನೂ ಊರಿಗೆ ಹೋದಾಗ ಕೊಟ್ಟು ಬಂದಿದ್ದೆವು. ಫೋಟೋದಲ್ಲಿ ಕಪ್ಪು ಗೆರೆ ಇದ್ದದ್ದು ನಾವು ಕೊಟ್ಟ ಆ ಒಂದಕ್ಕೆ ಮಾತ್ರ. ಉಳಿದ ಹನ್ನೊಂದೂ ಅಪ್ಪಟ ಬಿಳಿ. ಸ್ವಲ್ಪ ಹೊತ್ತು ಬಿಟ್ಟು ಅವನ ಮೆಸೇಜ್ ಬಂತು: “ಅಣ್ಣಾ, ಇದನ್ನ ನಾನೇ ಇಟ್ಕೊಳ್ಲಾ?”