ಎರಡು ಶೇಷ, ಒಂದು ರಾಶಿ

ತೆಂಗಿನಕಾಯಿ ರಾಶಿಯೊಂದನ್ನು ಐದೈದಾಗಿ ಎಣಿಸಿದರೆ 3 ಉಳಿಯುತ್ತವೆ, ಏಳೇಳಾಗಿ ಎಣಿಸಿದರೆ 4. ಒಟ್ಟು ಕಾಯಿಗಳೆಷ್ಟು? ದೊಡ್ಡ ಭಾಜಕದಿಂದ ಹೊರಟರೆ ಕೆಲಸ ಕಡಿಮೆ. ಏಳರಿಂದ ಭಾಗಿಸಿದಾಗ 4 ಉಳಿಸುವ ಸಂಖ್ಯೆಗಳು 4, 11, 18, 25 ಹೀಗೆ ಸಾಗುತ್ತವೆ. ಐದರಿಂದ ಭಾಗಿಸಿದರೆ ಇವುಗಳ ಶೇಷ ಕ್ರಮವಾಗಿ 4, 1, 3, 0. ಬೇಕಾದ 3 ಸಿಕ್ಕಿದ್ದು 18ರಲ್ಲಿ.

35ನ್ನು ಐದೂ ಏಳೂ ನಿಶ್ಶೇಷವಾಗಿ ಭಾಗಿಸುತ್ತವೆ. ಆದ್ದರಿಂದ ಅದನ್ನು ಎಷ್ಟು ಸಲ ಕೂಡಿಸಿದರೂ ಶೇಷಗಳು ಕದಲುವುದಿಲ್ಲ. 53, 88 ಕೂಡ ಉತ್ತರಗಳೇ. ರಾಶಿ ಸುಮಾರು ಐವತ್ತರದ್ದೆಂಬ ಕಣ್ಣಳತೆ ಇದ್ದರೆ ಲೆಕ್ಕ 53ಕ್ಕೆ ನಿಲ್ಲುತ್ತದೆ.

5 ಮತ್ತು 7ಕ್ಕೆ 1ರ ಹೊರತು ಸಾಮಾನ್ಯ ಭಾಜಕವಿಲ್ಲ. ಹಾಗಾಗಿ ಯಾವ ಶೇಷಗಳು ಬಂದರೂ ಉತ್ತರವುಂಟು. ನಾಲ್ಕರಲ್ಲಿ 1, ಆರರಲ್ಲಿ 2 ಉಳಿಯಿತೆಂದರೆ ಮಾತ್ರ ಎಣಿಕೆಯೇ ತಪ್ಪಿದೆ: ಮೊದಲನೆಯದರ ಪ್ರಕಾರ ಸಂಖ್ಯೆ ಬೆಸ, ಎರಡನೆಯದರ ಪ್ರಕಾರ ಸಮ.