ಹಿಜರಿ ಜನ್ಮದಿನಾಂಕದ ಪರಿವರ್ತನೆ (ಬೀದರ್ ಪ್ರದೇಶ)

ಹಿಜರಿ ಪಂಚಾಂಗದಲ್ಲಿ ಬರೆದಿಟ್ಟ ಜನ್ಮದಿನಾಂಕಕ್ಕೆ ಸರಿಹೊಂದುವ ಕ್ರಿಸ್ತಶಕದ ದಿನಾಂಕವನ್ನು ಕಂಡುಕೊಳ್ಳುವುದೇ ಈ ಪರಿವರ್ತನೆ. ಬೀದರ್, ಭಾಲ್ಕಿ ಮತ್ತು ಔರಾದ್ ಪ್ರದೇಶಗಳು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ಹಿಜರಿಯ ಜೊತೆಗೆ ಫಸಲಿ ಎಂಬ ಸೌರ ವರ್ಷಗಣನೆಯೂ ಬಳಕೆಯಲ್ಲಿದ್ದುದರಿಂದ, ಹಳೆಯ ದಾಖಲೆಯಲ್ಲಿರುವ ವರ್ಷ ಯಾವುದೆಂದು ಮೊದಲು ಗುರುತಿಸಬೇಕು.

ಹಿಜರಿಯೋ ಫಸಲಿಯೋ

ತಿಂಗಳ ಹೆಸರಿನಿಂದ ಇದು ತಿಳಿಯುತ್ತದೆ. ಮೊಹರಂ, ಸಫರ್, ರಜಬ್, ರಂಜಾನ್, ಜಿಲ್ಹಜ್ ಮೊದಲಾದವು ಹಿಜರಿ ತಿಂಗಳುಗಳು. ಆಜೂರ್, ದೈ, ಬಹಮನ್ ಮೊದಲಾದವು ಫಸಲಿ ತಿಂಗಳುಗಳು. ಹೈದರಾಬಾದಿನ ಫಸಲಿ ವರ್ಷವು ಅಕ್ಟೋಬರ್ ಮೊದಲ ವಾರದಲ್ಲಿ ಆರಂಭವಾಗುತ್ತಿತ್ತು. ವರ್ಷಸಂಖ್ಯೆಗೆ 590 ಕೂಡಿಸಿದರೆ ಅದು ಆರಂಭವಾದ ಇಸವಿ ದೊರೆಯುತ್ತದೆ. 1348 ಎಂಬುದು ಫಸಲಿಯಾದರೆ 1938–39, ಹಿಜರಿಯಾದರೆ 1929–30. ಅಂತರ ಒಂಬತ್ತು ವರ್ಷ.

ಒಂದು ವರ್ಷದ ತಪ್ಪು ಹೇಗಾಗುತ್ತದೆ

ಹಿಜರಿ ವರ್ಷ ಚಾಂದ್ರಮಾನದ್ದು. ಅದರಲ್ಲಿ 354 ಅಥವಾ 355 ದಿನಗಳಿರುತ್ತವೆ, ಅಧಿಕಮಾಸವಿಲ್ಲ. ಆದುದರಿಂದ ಅದರ ಆರಂಭವು ಪ್ರತಿವರ್ಷ ಸುಮಾರು 11 ದಿನ ಹಿಂದೆ ಸರಿಯುತ್ತದೆ ಮತ್ತು ಸಾಮಾನ್ಯವಾಗಿ ಒಂದು ಹಿಜರಿ ವರ್ಷವು ಎರಡು ಇಸವಿಗಳಲ್ಲಿ ಹರಡಿಕೊಂಡಿರುತ್ತದೆ. ವರ್ಷಸಂಖ್ಯೆಯನ್ನು ಮಾತ್ರ ಪರಿವರ್ತಿಸಿ ತಿಂಗಳನ್ನು ಬಿಟ್ಟರೆ ತಪ್ಪು ಉಂಟಾಗುತ್ತದೆ.

ಉದಾಹರಣೆ

ದಾಖಲೆಯಲ್ಲಿ "10 ಜಿಲ್ಹಜ್ 1357 ಹಿಜರಿ" ಎಂದಿದೆ ಎಂದುಕೊಳ್ಳೋಣ. ಮೊದಲು ವರ್ಷಾರಂಭವನ್ನು ಕಾಣಬೇಕು:

```
1357 × 0.970224 + 621.5774 = 1938.17
```

ಪೂರ್ಣಾಂಕವು ವರ್ಷ ಆರಂಭವಾದ ಇಸವಿ. ದಶಮಾಂಶವನ್ನು 365ರಿಂದ ಗುಣಿಸಿದರೆ ಸುಮಾರು 62 ಬರುತ್ತದೆ. ಇಸವಿಯ 62ನೆಯ ದಿನ ಮಾರ್ಚ್ 3. ಅಂದರೆ 1 ಮೊಹರಂ 1357 ಎಂಬುದು 1938ರ ಮಾರ್ಚ್ 3ರ ಸುಮಾರಿಗೆ ಬರುತ್ತದೆ.

ತಿಂಗಳುಗಳನ್ನು 30, 29 ಎಂದು ಒಂದರ ನಂತರ ಒಂದರಂತೆ ಎಣಿಸಿದರೆ, ಜಿಲ್ಹಜ್‌ಗೆ ಮುಂಚಿನ ಹನ್ನೊಂದು ತಿಂಗಳುಗಳಿಗೆ 325 ದಿನ. ಹತ್ತನೆಯ ತಾರೀಖಿಗೆ ಇನ್ನೂ 9 ದಿನ ಕೂಡಿಸಬೇಕು. 62 + 325 + 9 = 396. ಇದು 365ನ್ನು ಮೀರಿರುವುದರಿಂದ ದಿನಾಂಕವು ಮುಂದಿನ ಇಸವಿಗೆ ಸೇರುತ್ತದೆ: 396 − 365 = 31, ಅಂದರೆ 1939ರ ಜನವರಿ 31. ತಿಂಗಳನ್ನು ಗಮನಿಸದೆ 1938 ಎಂದು ಬರೆದವರು ಇಲ್ಲಿ ಒಂದು ವರ್ಷ ತಪ್ಪುತ್ತಾರೆ. ಅಧಿಕ ವರ್ಷವಾಗಿದ್ದರೆ 365ರ ಬದಲು 366 ಕಳೆಯಬೇಕು.

ಪರಿಶೀಲನೆ ಮತ್ತು ಮಿತಿ

ಹಿಜರಿ ತಿಂಗಳು ಚಂದ್ರದರ್ಶನದಿಂದ ಆರಂಭವಾಗುವುದರಿಂದ ಲೆಕ್ಕದ ಫಲಿತಾಂಶವು ಒಂದೆರಡು ದಿನ ಹೆಚ್ಚುಕಡಿಮೆಯಾಗಬಹುದು. ದಾಖಲೆಯಲ್ಲಿ ವಾರದ ಹೆಸರಿದ್ದರೆ ಇದನ್ನು ತಿದ್ದಬಹುದು. 1939ರ ಜನವರಿ 31 ಮಂಗಳವಾರ; ದಾಖಲೆಯಲ್ಲಿ ಬುಧವಾರ ಎಂದಿದ್ದರೆ ಫೆಬ್ರವರಿ 1 ಸರಿಯಾದ ದಿನಾಂಕವಾಗುತ್ತದೆ. ಹಿಜರಿ ದಿನವು ಸೂರ್ಯಾಸ್ತದಿಂದ ಆರಂಭವಾಗುವುದರಿಂದ ರಾತ್ರಿಯ ಜನನವು ಮರುದಿನದ ತಾರೀಖಿನಲ್ಲಿ ದಾಖಲಾಗಿರಬಹುದು ಎಂಬುದನ್ನೂ ನೆನಪಿಡಬೇಕು. ವರ್ಷದ ಬಗ್ಗೆ ಸಂದೇಹ ಉಳಿಯುವುದು ಫಲಿತಾಂಶವು ಡಿಸೆಂಬರ್ ಕೊನೆ ಅಥವಾ ಜನವರಿ ಮೊದಲಿಗೆ ಬಂದಾಗ ಮಾತ್ರ. ಆಗ ವಾರದ ಹೆಸರಿಲ್ಲದೆ ಇಸವಿಯನ್ನು ನಿರ್ಧರಿಸಲಾಗದು.